ಕೃದಂತವೋ ತದ್ಧಿತಾಂತವೋ: ಬುಡ ಹಿಡಿದು ಗುರುತಿಸಿದ ನನ್ನ ಅನುಭವ

ಹೈಸ್ಕೂಲು ಮಕ್ಕಳಿಗೆ ವ್ಯಾಕರಣ ಹೇಳಿಕೊಡುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ: “ಸರ್, ‘ಇಕೆ’ ಕೃತ್ ಪ್ರತ್ಯಯವೋ ತದ್ಧಿತ ಪ್ರತ್ಯಯವೋ?” ಎರಡೂ ಹೌದು ಎಂದರೆ ಮಕ್ಕಳು ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ತಪ್ಪು ಅವರದಲ್ಲ. ಕೃದಂತ ಭಾವನಾಮದ ಪಟ್ಟಿಯಲ್ಲೂ ‘ಇಕೆ’ ಇರುತ್ತದೆ, ತದ್ಧಿತಾಂತ ಭಾವನಾಮದ ಪಟ್ಟಿಯಲ್ಲೂ ಇರುತ್ತದೆ. ‘ಮೆ’, ‘ಪು’ಗಳ ಕಥೆಯೂ ಇದೇ. ಹೀಗಿರುವಾಗ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದಷ್ಟೂ ಗೊಂದಲ ಹೆಚ್ಚುತ್ತದೆ. ಆದ್ದರಿಂದ ನಾನು ಪ್ರತ್ಯಯದ ಪಟ್ಟಿಯನ್ನು ಬದಿಗಿಟ್ಟು, ಪ್ರತ್ಯಯ ಕಳಚಿದ ಮೇಲೆ ಉಳಿಯುವ ಬುಡವನ್ನು ನೋಡುವುದನ್ನು ರೂಢಿ ಮಾಡಿಕೊಂಡೆ. ಬುಡ ಧಾತುವಾದರೆ ಕೃದಂತ, ನಾಮಪದವಾದರೆ ತದ್ಧಿತಾಂತ. ವ್ಯಾಖ್ಯೆ ಹೇಳುವುದೂ ಅಷ್ಟನ್ನೇ. ಕಷ್ಟವೇನಿದ್ದರೂ ಬುಡ ಯಾವುದೆಂದು ಹುಡುಕುವುದರಲ್ಲಿ.

ಧಾತುವನ್ನು ಪತ್ತೆಹಚ್ಚಲು ನಾನು ಬುಡಕ್ಕೆ ‘ಉತ್ತಾನೆ’ ಅಥವಾ ‘ಉತ್ತದೆ’ ಸೇರಿಸಿ ನೋಡುತ್ತೇನೆ. ‘ನಂಬಿಕೆ’ಯಲ್ಲಿ ‘ಇಕೆ’ ತೆಗೆದರೆ ‘ನಂಬ್’ ಉಳಿಯುತ್ತದೆ. ಸಂಧಿಯಲ್ಲಿ ಲೋಪವಾದ ‘ಉ’ವನ್ನು ಮರಳಿ ಕೊಟ್ಟರೆ ‘ನಂಬು’. ನಂಬುತ್ತಾನೆ ಎನ್ನಬಹುದು, ಹಾಗಾಗಿ ಇದು ಕೃದಂತ. ‘ಚೆಲುವಿಕೆ’ಯಲ್ಲಿ ಅದೇ ‘ಇಕೆ’ ತೆಗೆದರೆ ಸಿಗುವುದು ‘ಚೆಲುವ’. ‘ಚೆಲುವುತ್ತಾನೆ’ ಎಂದು ಯಾರೂ ಹೇಳುವುದಿಲ್ಲ. ‘ಚೆಲುವನನ್ನು’ ಎಂದು ವಿಭಕ್ತಿ ಹಚ್ಚಬಹುದು. ಇದು ತದ್ಧಿತಾಂತ. ಹೀಗೆಯೇ ‘ದುಡಿಮೆ’, ‘ತಾಳ್ಮೆ’ಗಳ ಬುಡದಲ್ಲಿ ದುಡಿ, ತಾಳು ಎಂಬ ಧಾತುಗಳಿವೆ, ‘ಜಾಣ್ಮೆ’, ‘ಹಿರಿಮೆ’ಗಳ ಬುಡದಲ್ಲಿ ಜಾಣ, ಹಿರಿ ಎಂಬ ನಾಮಪದಗಳಿವೆ. ‘ನೆನಪು’ ನೆನೆ ಧಾತುವಿನದು, ‘ಬಿಳುಪು’ ಬಿಳಿ ಎಂಬ ಗುಣವಾಚಕದ್ದು.

ಬುಡ ಯಾವಾಗಲೂ ಇದ್ದ ಹಾಗೇ ಉಳಿಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಡು, ಓಡು, ನೋಡು, ಕೂಡು ಧಾತುಗಳಿಂದ ಆಟ, ಓಟ, ನೋಟ, ಕೂಟ ಆಗುವಾಗ ‘ಡು’ ಕಾಣೆಯಾಗುತ್ತದೆ. ಸಾಯಿ, ನೋಯಿ, ಮೇಯಿ ಎಂಬವು ಸಾವು, ನೋವು, ಮೇವು ಆಗುತ್ತವೆ. ನಾಮಪದವೂ ಸವೆಯುತ್ತದೆ: ‘ಗೆಳೆಯ’ಕ್ಕೆ ‘ತನ’ ಸೇರಿ ‘ಗೆಳೆತನ’ವಾಗುವಾಗ ‘ಯ’ ಬಿದ್ದುಹೋಗುತ್ತದೆ.

ಪರೀಕ್ಷೆಯಲ್ಲಿ ಕಾಲು ಜಾರುವುದು ಇಲ್ಲಿಯೇ. ‘ಒಡೆತನ’ ಕೊಟ್ಟರೆ ‘ತನ’ ತೆಗೆದು, ‘ಒಡೆ’ ಉಳಿಯಿತು, ಒಡೆಯುತ್ತಾನೆ ಎನ್ನಬಹುದು, ಆದ್ದರಿಂದ ಕೃದಂತ ಎಂದು ಬರೆದವರನ್ನು ಕಂಡಿದ್ದೇನೆ. ಪರೀಕ್ಷೆ ಮಾಡಿದ ಕ್ರಮ ಸರಿ, ಬುಡ ಮಾತ್ರ ಬೇರೆ. ಒಡೆತನ ಎಂದರೆ ಒಡೆಯನಾಗಿರುವುದು. ಏನನ್ನಾದರೂ ಒಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಡೆಯ ಮತ್ತು ತನ ಸೇರಿದ ತದ್ಧಿತಾಂತ ಅದು. ಒಡೆಯುವ ಕ್ರಿಯೆಗೆ ‘ಒಡೆತ’ ಎಂಬ ಬೇರೆ ಪದವೇ ಇದೆ, ಅದು ಕೃದಂತ. ‘ಹೊಳಪು’ ಇದರ ತಿರುವುಮುರುವು. ಹೊಳೆ ಎಂದೊಡನೆ ನೀರು ಹರಿಯುವ ಹೊಳೆ ನೆನಪಾಗಿ ನಾಮಪದ ಅನ್ನಿಸುತ್ತದೆ. ಆದರೆ ಹೊಳಪು ಬಂದಿರುವುದು ಹೊಳೆಯುತ್ತದೆ ಎಂಬಲ್ಲಿನ ಧಾತುವಿನಿಂದ. ಆದ್ದರಿಂದ ರೂಪದ ಪರೀಕ್ಷೆ ಮುಗಿದ ಮೇಲೆ ಪದವನ್ನು ಒಂದು ವಾಕ್ಯವಾಗಿ ಬಿಡಿಸಿ ಹೇಳಲು ಮಕ್ಕಳಿಗೆ ತಿಳಿಸುತ್ತೇನೆ. ಹೊಳಪು ಎಂದರೆ ಹೊಳೆಯುವುದು, ಒಡೆತನ ಎಂದರೆ ಒಡೆಯನಾಗಿರುವುದು. ಬಿಡಿಸಿದ ವಾಕ್ಯದಲ್ಲಿ ಯಾವ ಬುಡ ಬಂತೋ ಅದೇ ನಿಜವಾದ ಬುಡ.

ಇನ್ನು ಧಾತುವೂ ಆಗಿ ನಾಮಪದವೂ ಆಗಿರುವ ಪದಗಳಿವೆ: ಹಾಡು, ಬೆಳೆ, ಬಾಳು, ನಡೆ, ನುಡಿ. ‘ಹಾಡುಗಾರ’ನನ್ನು ಏನೆನ್ನಬೇಕು? ಹಾಡುತ್ತಾನೆ, ಹಾಡನ್ನು, ಎರಡೂ ಸರಿಯೇ. ಬಿಡಿಸಿ ಹೇಳಿದರೂ ‘ಹಾಡುವವನು’ ಎಂದೇ ಬಾಯಿಗೆ ಬರುತ್ತದೆ. ಇಂಥ ಕಡೆ ನಾನು ಆ ಪ್ರತ್ಯಯ ಬೇರೆ ಪದಗಳಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುತ್ತೇನೆ. ಆಡುವವನನ್ನು ಕನ್ನಡ ‘ಆಡುಗಾರ’ ಎನ್ನಲಿಲ್ಲ, ಆಟಗಾರ ಎಂದಿತು. ಓಡುವವನು ಓಟಗಾರ, ಮಾರುವವನು ಮಾರಾಟಗಾರ, ಬರೆಯುವವನು ಬರಹಗಾರ. ಪ್ರತಿ ಸಲವೂ ಧಾತುವನ್ನು ಮೊದಲು ನಾಮಪದ ಮಾಡಿಕೊಂಡು ಆಮೇಲೆ ‘ಗಾರ’ ಹಚ್ಚಿದೆ. ಅಂದರೆ ‘ಗಾರ’ ಕೂರುವುದು ನಾಮಪದದ ಮೇಲೆ. ಹಾಡುಗಾರ, ಬೆಳೆಗಾರ ಪದಗಳಲ್ಲೂ ಹಾಡು, ಬೆಳೆ ನಾಮಪದಗಳೇ, ಹಾಗಾಗಿ ಅವು ತದ್ಧಿತಾಂತ. ಧಾತುವಿಗೇ ನೇರವಾಗಿ ಸೇರುವುದು ಓದುಗ, ಕೇಳುಗ, ನೋಡುಗ ಪದಗಳಲ್ಲಿನ ‘ಗ’. ಅದನ್ನು ಕನ್ನಡಿಗ, ಲೆಕ್ಕಿಗ ಪದಗಳಲ್ಲಿನ ‘ಇಗ’ದೊಂದಿಗೆ ಬೆರೆಸಬಾರದು, ಅಲ್ಲಿ ಕನ್ನಡ, ಲೆಕ್ಕ ನಾಮಪದಗಳು.

ಒಂದೇ ಪದದಲ್ಲಿ ಎರಡೂ ಬಗೆಯ ಪ್ರತ್ಯಯ ಇರುವುದನ್ನು ತೋರಿಸಲು ನಾನೇ ಕಟ್ಟಿಕೊಂಡ ವಾಕ್ಯವೊಂದಿದೆ: “ಬರಹಗಾರ್ತಿಯ ಮಾತುಗಾರಿಕೆ ಕೇಳುಗರ ನಂಬಿಕೆ ಗಳಿಸಿತು.” ಈರುಳ್ಳಿ ಸುಲಿದಂತೆ ಹೊರಗಿನಿಂದ ಒಳಕ್ಕೆ ಹೋಗಬೇಕು. ‘ಬರಹಗಾರ್ತಿಯ’ದಲ್ಲಿ ಮೊದಲು ಷಷ್ಠೀ ವಿಭಕ್ತಿಯನ್ನು ತೆಗೆಯುತ್ತೇವೆ, ಏಕೆಂದರೆ ವಿಭಕ್ತಿ ಹೊಸ ಪದ ಕಟ್ಟುವುದಿಲ್ಲ. ಉಳಿದ ‘ಬರಹಗಾರ್ತಿ’ಯಲ್ಲಿ ‘ಗಾರ್ತಿ’ ತೆಗೆದರೆ ‘ಬರಹ’. ಬರಹ ನಾಮಪದ, ಹಾಗಾಗಿ ಈ ಪದರ ತದ್ಧಿತ. ಅಲ್ಲಿಗೆ ನಿಲ್ಲದೆ ‘ಬರಹ’ವನ್ನೂ ಬಿಡಿಸಿದರೆ ‘ಬರೆ’ ಧಾತು ಸಿಗುತ್ತದೆ. ಆ ಪದರ ಕೃತ್. ಪ್ರಶ್ನೆ ಪತ್ರಿಕೆಯಲ್ಲಿ ಇಡೀ ಪದವನ್ನು ಕೇಳಿದರೆ ಉತ್ತರ ಹೇಳುವುದು ಹೊರಗಿನ ಪದರದಿಂದ: ಬರಹಗಾರ್ತಿ ತದ್ಧಿತಾಂತ. ಒಳಗೆ ಧಾತು ಕಂಡಿತೆಂದು ಕೃದಂತ ಎಂದು ಬರೆದರೆ ಅಂಕ ಹೋಗುತ್ತದೆ.

‘ಕೇಳುಗರ’ದಲ್ಲಿ ಬಹುವಚನವನ್ನೂ ವಿಭಕ್ತಿಯನ್ನೂ ತೆಗೆದರೆ ‘ಕೇಳುಗ’, ಕೃದಂತ. ‘ನಂಬಿಕೆ’ಯನ್ನು ಆಗಲೇ ನೋಡಿದೆವು. ‘ಗಳಿಸಿತು’ ಕ್ರಿಯಾಪದ, ಅಲ್ಲಿರುವುದು ಆಖ್ಯಾತ ಪ್ರತ್ಯಯ, ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

‘ಮಾತುಗಾರಿಕೆ’ಯಲ್ಲಿ ಸ್ವಲ್ಪ ತಡೆಯಬೇಕು. ಮಾತುಗಾರ ಎಂಬ ಪದ ಇರುವುದರಿಂದ ಮಾತು, ಗಾರ, ಇಕೆ ಎಂದು ಎರಡು ತದ್ಧಿತ ಪದರಗಳಾಗಿ ಬಿಡಿಸಬಹುದು. ಆದರೆ ‘ಕೈಗಾರಿಕೆ’ ಕೊಟ್ಟರೆ? ‘ಕೈಗಾರ’ ಎಂದು ನಾವು ಯಾರನ್ನೂ ಕರೆಯುವುದಿಲ್ಲ. ಅಲ್ಲಿ ‘ಗಾರಿಕೆ’ಯನ್ನು ಒಂದೇ ಪ್ರತ್ಯಯವಾಗಿ ಹಿಡಿಯುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಹೇಗೆ ಬಿಡಿಸಿದರೂ ಬುಡದಲ್ಲಿ ‘ಕೈ’ ಇರುವುದರಿಂದ ಉತ್ತರ ತದ್ಧಿತಾಂತವೇ.

ಈ ವಿಧಾನ ನಡೆಯದ ಜಾಗಗಳೂ ಇವೆ. ‘ಮಲ್ಲಿಗೆ’ಯ ಕೊನೆಯಲ್ಲಿ ‘ಗೆ’ ಕಂಡಿತೆಂದು ಕಳಚಲು ಹೋದರೆ ಅರ್ಥವಿರುವ ಬುಡ ಸಿಗುವುದಿಲ್ಲ. ಅಂಥವನ್ನು ಸಹಜ ನಾಮಪದವೆಂದು ಬಿಟ್ಟುಬಿಡಬೇಕು. ‘ಇಂಪು’, ‘ತಂಪು’ಗಳ ಬುಡವಾದ ಇನ್, ತಣ್ ಎಂಬವು ಇಂದಿನ ಮಾತಿನಲ್ಲಿ ಒಂಟಿಯಾಗಿ ಬಳಕೆಯಲ್ಲಿಲ್ಲ, ‘ಇನಿದು’, ‘ತಣ್ಣೀರು’ ಪದಗಳನ್ನು ಪಕ್ಕದಲ್ಲಿಟ್ಟರೆ ಮಾತ್ರ ಹೊಳೆಯುತ್ತದೆ. ಸಂಸ್ಕೃತದಿಂದ ಬಂದ ಪದಗಳಲ್ಲಿ ಇನ್ನೂ ಎಚ್ಚರ ಬೇಕು. ‘ಅಳತೆ’, ‘ನಡತೆ’ಗಳ ‘ತೆ’ ಅಳೆ, ನಡೆ ಧಾತುಗಳಿಗೆ ಸೇರಿದ ಕನ್ನಡದ ಕೃತ್ ಪ್ರತ್ಯಯ. ‘ಸುಂದರತೆ’ಯ ‘ತೆ’ ಸಂಸ್ಕೃತದ ‘ತಾ’ ಎಂಬ ತದ್ಧಿತ ಪ್ರತ್ಯಯ ಕನ್ನಡಕ್ಕೆ ಬರುವಾಗ ತಾಳಿದ ರೂಪ.