ಟೈಪ್ ಆಗುತ್ತದೆ, ಲೈಟ್ ಹತ್ತುವುದಿಲ್ಲ: ಕೀಬೋರ್ಡ್ ಬ್ಯಾಕ್‌ಲೈಟ್ ರಿಪೇರಿ, ನನ್ನ ಅನುಭವ

"ಟೈಪ್ ಎಲ್ಲಾ ಆಗ್ತೈತ್ರಿ, ಲೈಟ್ ಅಷ್ಟ ಹತ್ತವಲ್ದು." ವಿಜಯಪುರದಲ್ಲಿ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್ ತಂದುಕೊಡುವವರು ಸಾಮಾನ್ಯವಾಗಿ ಹೇಳುವ ಮಾತಿದು. ಟೈಪ್ ಆಗುತ್ತಿದೆ ಎಂದ ಮೇಲೆ ಕೀಬೋರ್ಡ್ ಸರಿಯಾಗಿಯೇ ಕೂತಿದೆ ಎಂದು ತಿಳಿದು ವಿಂಡೋಸ್ ಮರು ಇನ್‌ಸ್ಟಾಲ್ ಮಾಡಲು ಹೊರಡುವವರಿದ್ದಾರೆ. ಆದರೆ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅಕ್ಷರದ ದಾರಿಯೇ ಬೇರೆ, ಬೆಳಕಿನ ದಾರಿಯೇ ಬೇರೆ. ಅಕ್ಷರಕ್ಕೆ ಅಗಲ ರಿಬ್ಬನ್ ಕೇಬಲ್, ಬೆಳಕಿಗೆ ನಾಲ್ಕಾರು ಗೆರೆಗಳ ಕಿರಿದಾದ ರಿಬ್ಬನ್. ಮೊದಲನೆಯದು ಸರಿಯಿದ್ದರೂ ಎರಡನೆಯದು ಸಡಿಲವಾಗಿರಬಹುದು.

ಇಲ್ಲಿ ಹೇಳುತ್ತಿರುವುದು ಕೀಬೋರ್ಡ್ ಬದಲಿಸಿದ್ದ ಒಂದು 14 ಇಂಚಿನ ಲ್ಯಾಪ್‌ಟಾಪ್ ವಿಷಯ. ಬಿಚ್ಚುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಲೈಟ್ ಹತ್ತಿಸು ಎಂಬ ಆದೇಶ ಹೋಗುತ್ತಿಲ್ಲವೋ, ಹೋಗಿಯೂ ಬೆಳಕು ಬರುತ್ತಿಲ್ಲವೋ?

ಮೊದಲು ಕೀಲಿಗಳ ಮೇಲೆ ಬೆಳಕಿನ ಚಿಹ್ನೆ ಹುಡುಕಬೇಕು. ಥಿಂಕ್‌ಪ್ಯಾಡ್‌ಗಳಲ್ಲಿ ಅದು ಸ್ಪೇಸ್ ಬಾರ್ ಮೇಲೆ, ಡೆಲ್‌ನ ಅನೇಕ ಮಾದರಿಗಳಲ್ಲಿ F5 ಅಥವಾ F10 ಮೇಲೆ ಇರುತ್ತದೆ. ಚಿಹ್ನೆಯೇ ಇಲ್ಲದಿದ್ದರೆ ಬದಲಿಸಿದವರು ಲೈಟ್ ಇಲ್ಲದ ಕೀಬೋರ್ಡ್ ಹಾಕಿರುವ ಸಾಧ್ಯತೆ ಹೆಚ್ಚು. ಚಿಹ್ನೆ ಇದ್ದರೆ ಆ ಕೀಲಿಯನ್ನು Fn ಜೊತೆಗೊಮ್ಮೆ, Fn ಇಲ್ಲದೆ ಒಮ್ಮೆ ಒತ್ತಿ ನೋಡುತ್ತೇನೆ, ಏಕೆಂದರೆ Fn ಲಾಕ್ ಆಗಿದ್ದರೆ ಎರಡರ ಕೆಲಸ ಅದಲುಬದಲಾಗಿರುತ್ತದೆ. ಡೆಲ್, ಲೆನೊವೊಗಳ ಬಹಳಷ್ಟು ಮಾದರಿಗಳಲ್ಲಿ Fn ಮತ್ತು Esc ಸೇರಿಸಿ ಒತ್ತಿದರೆ ಈ ಲಾಕ್ ಬದಲಾಗುತ್ತದೆ. ಒಂದು ಸಲ ಒತ್ತಿ ಕೈಬಿಡಬೇಡಿ. ಮಂದ, ಪ್ರಖರ, ಬಂದ್ ಎಂಬ ಹಂತಗಳು ಸರದಿಯಲ್ಲಿ ಬರುತ್ತವೆ, ಮೂರ್ನಾಲ್ಕು ಸಲವಾದರೂ ಒತ್ತಬೇಕು.

ಇದೇ ಪರೀಕ್ಷೆಯನ್ನು ಬಯೋಸ್ ಪರದೆಯಲ್ಲೂ ಮಾಡುತ್ತೇನೆ. ಅನೇಕ ಮಾದರಿಗಳಲ್ಲಿ ಬ್ಯಾಕ್‌ಲೈಟ್ ಕೀಲಿಯನ್ನು ನೋಡಿಕೊಳ್ಳುವುದು ಮದರ್‌ಬೋರ್ಡ್‌ನ ನಿಯಂತ್ರಕ ಚಿಪ್ಪು, ಅದಕ್ಕೆ ವಿಂಡೋಸ್ ಬೇಕಿಲ್ಲ. ಅಲ್ಲಿ ಲೈಟ್ ಹತ್ತಿ ವಿಂಡೋಸ್ ಬಂದ ಮೇಲೆ ಆರಿದರೆ ಕೇಬಲ್ ಸರಿಯಿದೆ, ಬಿಚ್ಚುವ ಕೆಲಸವೇ ಇಲ್ಲ, ಲ್ಯಾಪ್‌ಟಾಪ್ ಕಂಪನಿಯ ಹಾಟ್‌ಕೀ ಡ್ರೈವರ್ ನೋಡಬೇಕು. ಬಯೋಸ್ ಒಳಗೇ ಡೆಲ್‌ನಲ್ಲಿ Keyboard Illumination ಎಂಬ ಆಯ್ಕೆ ಇರುತ್ತದೆ, Disabled ಆಗಿದ್ದರೆ ಬದಲಿಸಿ. ಪಕ್ಕದಲ್ಲೇ ಎಷ್ಟು ಹೊತ್ತಿಗೆ ಆರಬೇಕು ಎಂಬ ಸೆಟ್ಟಿಂಗ್ ಸಿಗುತ್ತದೆ. ಬ್ಯಾಟರಿಗೆ ಅದು 5 ಸೆಕೆಂಡ್ ಇದ್ದರೆ, ಕೈ ಎತ್ತಿದ ತಕ್ಷಣ ಆರುವ ಲೈಟನ್ನು ಜನ ಕೆಟ್ಟಿದೆ ಎಂದೇ ತಿಳಿಯುತ್ತಾರೆ.

ಸುತ್ತಲಿನ ಬೆಳಕನ್ನು ಅಳೆಯುವ ಸೆನ್ಸರ್ ನಮ್ಮ ಕಡೆ ವಿಶೇಷವಾಗಿ ಗೊಂದಲ ಮಾಡುತ್ತದೆ. ಏಪ್ರಿಲ್‌ನಲ್ಲಿ ಬಾಗಿಲು ತೆರೆದ ಪಡಸಾಲೆಯಲ್ಲಿ ಮಧ್ಯಾಹ್ನ ಕೂತರೆ, ಸೆನ್ಸರ್ ಇರುವ ಲ್ಯಾಪ್‌ಟಾಪ್ 'ಬೆಳಕು ಸಾಕಷ್ಟಿದೆ' ಎಂದು ಬ್ಯಾಕ್‌ಲೈಟನ್ನು ತಾನೇ ಆರಿಸುತ್ತದೆ. ಸೆನ್ಸರ್ ಸಾಮಾನ್ಯವಾಗಿ ಕ್ಯಾಮೆರಾ ಪಕ್ಕದಲ್ಲಿರುತ್ತದೆ. ಆ ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿ ಕೆಲವು ಸೆಕೆಂಡ್ ಕಾಯಿರಿ. ಲೈಟ್ ಬಂದರೆ ಯಾವುದೂ ಕೆಟ್ಟಿಲ್ಲ. ಮ್ಯಾಕ್‌ಬುಕ್‌ನಲ್ಲಿ System Settings ಒಳಗೆ Keyboard ಪುಟದಲ್ಲಿರುವ Adjust keyboard brightness in low light ಆಯ್ಕೆಯನ್ನು ಆಫ್ ಮಾಡಿದರೆ ನಿಯಂತ್ರಣ ನಮ್ಮ ಕೈಗೆ ಬರುತ್ತದೆ. ವಿಂಡೋಸ್‌ನ Display ಪುಟದಲ್ಲಿ ಕಾಣುವ ಸ್ವಯಂ ಬ್ರೈಟ್‌ನೆಸ್ ಆಯ್ಕೆ ಪರದೆಗೆ ಸಂಬಂಧಿಸಿದ್ದು, ಅದನ್ನು ತಿರುವುತ್ತ ಕೂತರೆ ಕೀಬೋರ್ಡ್‌ಗೆ ಏನೂ ಆಗದು. ಕೀಬೋರ್ಡ್‌ನ ಸೆಟ್ಟಿಂಗ್ ಲ್ಯಾಪ್‌ಟಾಪ್ ಕಂಪನಿಯ ಆ್ಯಪ್‌ನಲ್ಲೋ ಬಯೋಸ್‌ನಲ್ಲೋ ಇರುತ್ತದೆ.

ಈ ಲ್ಯಾಪ್‌ಟಾಪ್‌ನಲ್ಲಿ ಚಿಹ್ನೆ ಇತ್ತು, ಬಯೋಸ್ ಆಯ್ಕೆ ಆನ್ ಇತ್ತು, ಸೆನ್ಸರ್ ಮುಚ್ಚಿದರೂ ಕತ್ತಲೆಯೇ. ಆಗ ಪೆನ್‌ಡ್ರೈವ್‌ನಿಂದ ಲಿನಕ್ಸ್ ಶುರು ಮಾಡಿ, ಹಾರ್ಡ್‌ಡಿಸ್ಕ್ ಮುಟ್ಟದೆ, ನೇರ ಆದೇಶ ಕೊಟ್ಟೆ:

```
ls /sys/class/leds/ | grep kbd
cat /sys/class/leds/*kbd_backlight/max_brightness
echo 2 | sudo tee /sys/class/leds/*kbd_backlight/brightness
cat /sys/class/leds/*kbd_backlight/brightness
```

ಎರಡನೇ ಸಾಲು 2 ಎಂದು ತೋರಿಸಿತು, ಅಂದರೆ ಗರಿಷ್ಠ ಮಟ್ಟ 2. ಆ ಮಟ್ಟವನ್ನೇ ಬರೆದೆ, ಮತ್ತೆ ಓದಿದಾಗಲೂ 2 ಬಂತು. ಕೀಲಿಗಳ ಕೆಳಗೆ ಮಾತ್ರ ಬೆಳಕಿಲ್ಲ. ಆದೇಶ ಸ್ವೀಕಾರವಾಗಿದೆ, ಬೆಳಕು ಬಂದಿಲ್ಲ. ಇನ್ನು ಸ್ಕ್ರೂಡ್ರೈವರ್ ಹಿಡಿಯಬಹುದು. (ಮೊದಲ ಸಾಲಿಗೆ ಏನೂ ಬರದಿದ್ದರೆ ಅದನ್ನೇ ಕೊನೆಯ ತೀರ್ಪು ಎನ್ನಬೇಡಿ, ಆ ಮಾದರಿಗೆ ಲಿನಕ್ಸ್ ಡ್ರೈವರ್ ಇಲ್ಲದಿರಬಹುದು.)

ಚಾರ್ಜರ್ ತೆಗೆದು, ಹಿಂಬದಿ ಕವರ್ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ಕಳಚಬೇಕು. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚಾರ್ಜ್ ಇಳಿಯುತ್ತದೆ. ಬ್ಯಾಕ್‌ಲೈಟ್ ರಿಬ್ಬನ್‌ಗೆ ಕರೆಂಟ್ ಇರುವಾಗ ಅದನ್ನು ಎಳೆದರೆ ಅಕ್ಕಪಕ್ಕದ ಪಿನ್‌ಗಳು ತಾಗಿ ಬೋರ್ಡ್‌ನ ಫ್ಯೂಸ್ ಹೋಗಬಹುದು. ಹಾಗಾದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಬ್ಯಾಕ್‌ಲೈಟ್ ರಿಬ್ಬನ್ ಕೂರುವ ಕನೆಕ್ಟರ್‌ನ ಲಾಕ್ ಯಾವ ಬಗೆಯದು ಎಂದು ನೋಡದೆ ಕೈ ಹಾಕಬಾರದು. ಕೆಲವದರಲ್ಲಿ ಸಣ್ಣ ಪಟ್ಟಿ ಉಗುರಿನಿಂದ ಮೇಲಕ್ಕೆ ಏಳುತ್ತದೆ. ಕೆಲವದರಲ್ಲಿ ಎರಡು ತುದಿಯ ಕಿವಿ ಹಿಡಿದು ಸ್ವಲ್ಪವೇ ಹೊರಕ್ಕೆ ಸರಿಸಬೇಕು. ಲಾಕೇ ಇಲ್ಲದ, ಬಿಗಿತದಲ್ಲೇ ನಿಲ್ಲುವ ಕನೆಕ್ಟರ್‌ಗಳೂ ಇವೆ. ಸರಿಸುವ ಲಾಕನ್ನು ಮೇಲಕ್ಕೆ ಎಬ್ಬಿಸಿದರೆ ಮುರಿಯಿತೆಂದೇ ಲೆಕ್ಕ.

ಈ ಲ್ಯಾಪ್‌ಟಾಪ್‌ನಲ್ಲಿ ಲಾಕ್ ಮುಚ್ಚೇ ಇತ್ತು, ಮೇಲ್ನೋಟಕ್ಕೆ ಎಲ್ಲ ಸರಿ. ಫೋನ್ ಕ್ಯಾಮೆರಾ ಝೂಮ್ ಮಾಡಿ ನೋಡಿದಾಗ ರಿಬ್ಬನ್ ಮೇಲಿನ ಬಿಳಿ ಗೆರೆ ಕನೆಕ್ಟರ್ ಅಂಚಿಗೆ ಸಮಾನಾಂತರವಾಗಿರಲಿಲ್ಲ, ಒಂದು ಬದಿಯಲ್ಲಿ ಹೊರಗೆ ಉಳಿದಿತ್ತು. ರಿಬ್ಬನ್ ಓರೆಯಾಗಿ ಕೂತರೆ ಅಂಚಿನ ಪಿನ್‌ಗೆ ಸಂಪರ್ಕ ಸಿಗುವುದಿಲ್ಲ, ನಾಲ್ಕೇ ಗೆರೆಗಳಿರುವ ಕಡೆ ಒಂದು ತಪ್ಪಿದರೂ ಲೈಟ್ ಹೋಗಬಹುದು. ತೆಗೆದು ನೋಡಿದರೆ ತುದಿಯ ಲೋಹದ ಗೆರೆಗಳು ಮಂಕಾಗಿದ್ದವು. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಬಳಸಿದ ಲ್ಯಾಪ್‌ಟಾಪ್‌ಗಳಲ್ಲಿ ಇಂಥ ಮಂಕು, ಕೆಲವೊಮ್ಮೆ ಹಸಿರು ಕಲೆ ನೋಡಿದ್ದೇನೆ. 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ, ನಾರು ಬಿಡದ ಬಟ್ಟೆಯಿಂದ ರಿಬ್ಬನ್ ಉದ್ದಕ್ಕೇ ಮೆಲ್ಲಗೆ ಒರೆಸಿದರೆ ಸಾಕು. ಸ್ಯಾನಿಟೈಜರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತವೆ. ಒಣಗಿದ ಮೇಲೆ ಲಾಕ್ ತೆರೆದು, ನೇರವಾಗಿ ತಡೆ ಸಿಗುವವರೆಗೆ ತೂರಿಸಿ, ಬಿಳಿ ಗೆರೆ ಅಂಚಿಗೆ ಸರಿಯಾದ ಮೇಲೆ ಲಾಕ್ ಮುಚ್ಚಿದೆ. ಬ್ಯಾಟರಿ ಹಾಕಿ ಕೀಲಿ ಒತ್ತಿದಾಗ ಎರಡೂ ಮಟ್ಟದಲ್ಲಿ ಲೈಟ್ ಬಂತು.

ಇಷ್ಟಾದರೂ ಬಾರದಿದ್ದರೆ ಮಲ್ಟಿಮೀಟರ್‌ನಲ್ಲಿ 20 ವೋಲ್ಟ್ ಡಿಸಿ ರೇಂಜ್ ಹಾಕಿ, ಬೋರ್ಡ್‌ನ ಗ್ರೌಂಡ್‌ಗೂ ಆ ಕನೆಕ್ಟರ್‌ನ ಪಿನ್‌ಗಳಿಗೂ ನಡುವೆ ಅಳೆಯುತ್ತೇನೆ. ಸಾಮಾನ್ಯವಾಗಿ ಒಂದು ಪಿನ್‌ನಲ್ಲಿ 5 ವೋಲ್ಟ್ ಆಸುಪಾಸು ಸಿಗಬೇಕು. ರಿಬ್ಬನ್ ಹಾಕಿಟ್ಟೇ ಅಳೆಯಿರಿ: ಲೈಟ್ ಇರುವ ಕೀಬೋರ್ಡ್ ಸೇರಿದೆಯೇ ಎಂದು ಒಂದು ಪಿನ್ ಮೂಲಕ ಗುರುತಿಸಿ, ಆಮೇಲಷ್ಟೇ ಕರೆಂಟ್ ಕೊಡುವ ಬೋರ್ಡ್‌ಗಳಿವೆ. ವೋಲ್ಟೇಜ್ ಇದ್ದೂ ಕತ್ತಲೆಯಾದರೆ ಕೀಲಿಗಳ ಕೆಳಗಿನ ಎಲ್‌ಇಡಿ ಹಾಳೆ ಹೋಗಿರುವ ಸಾಧ್ಯತೆ ಹೆಚ್ಚು. ವೋಲ್ಟೇಜ್ ಇಲ್ಲದಿದ್ದರೆ ಬೋರ್ಡ್ ಫ್ಯೂಸ್ ಕಡೆ ಸಂಶಯ, ಅದು ಚಿಪ್ ಮಟ್ಟದ ಕೆಲಸ ಬಲ್ಲವರಿಗೆ ಬಿಟ್ಟದ್ದು. ಅರ್ಧ ಕೀಬೋರ್ಡ್ ಮಾತ್ರ ಬೆಳಗುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ಹುಡುಕಬೇಡಿ, ಅದು ಸಾಮಾನ್ಯವಾಗಿ ಎಲ್‌ಇಡಿಗಳ ದೋಷ.

ಹೊಸ ಕೀಬೋರ್ಡ್ ತರಿಸುವಾಗ ಹಳೆಯದರ ಹಿಂಬದಿಯ ಪಾರ್ಟ್ ನಂಬರ್ ಕೊಡಿ, ಅಂಗಡಿಯವರಿಂದ ಹೊಸದರ ಹಿಂಬದಿಯ ಫೋಟೊ ತರಿಸಿಕೊಳ್ಳಿ. ಲೈಟ್ ಇರುವ, ಲೈಟ್ ಇಲ್ಲದ ಎರಡು ಬಗೆಯೂ ಮುಂದಿನಿಂದ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಹಳೆಯದರಲ್ಲಿ ಬೆಳಕಿಗೆ ಪ್ರತ್ಯೇಕ ಕಿರಿದಾದ ರಿಬ್ಬನ್ ಇದ್ದು, ಫೋಟೊದಲ್ಲಿ ಅದು ಕಾಣದಿದ್ದರೆ ದುಡ್ಡು ಕಳಿಸಬೇಡಿ.