30 ಅಡಿ ರಸ್ತೆಯಿಂದ ಮೂರಂತಸ್ತಿನ ಎಲಿವೇಶನ್: ಕ್ಯಾಮೆರಾ ಇಡುವ ಲೆಕ್ಕ

ಕಲಬುರಗಿಯ ಬಡಾವಣೆಗಳ ಮನೆಗಳನ್ನು ರೆಂಡರ್ ಮಾಡುವಾಗ ನಾನು ಫೋಕಲ್ ಲೆಂಗ್ತ್ ಮುಟ್ಟುವ ಮೊದಲು ನಿಲ್ಲುವ ಜಾಗ ಗೊತ್ತು ಮಾಡಿಕೊಳ್ಳುತ್ತೇನೆ. ಮನೆ ಎಷ್ಟು ಆಳ ಕಾಣುತ್ತದೆ, ಪೋರ್ಟಿಕೊ ಎಷ್ಟು ಮುಂದೆ ಬಂದಂತೆ ಅನಿಸುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದು ದೂರ. ಫೋಕಲ್ ಲೆಂಗ್ತ್ ಆ ನೋಟದಲ್ಲಿ ಎಷ್ಟು ಭಾಗ ಚೌಕಟ್ಟಿನೊಳಗೆ ಬರಬೇಕು ಎಂಬುದನ್ನಷ್ಟೇ ಹೇಳುತ್ತದೆ. ರಸ್ತೆ 30 ಅಡಿ ಇದ್ದರೆ ಎದುರು ಮನೆಯ ಗೇಟಿನೊಳಗೆ ನಿಂತರೂ ಸಿಗುವುದು ಸುಮಾರು 14 ಮೀಟರ್. ಎದುರು ಮನೆಯ ಹಾಲ್‌ನೊಳಗೆ ಕ್ಯಾಮೆರಾ ಇಟ್ಟು ಗೋಡೆ ಮರೆಮಾಡಬಹುದು, ನಿಜ. ಆದರೆ ಮನೆ ಕಟ್ಟಿದ ಮೇಲೆ ಯಾರೂ ಅಲ್ಲಿಂದ ಅದನ್ನು ನೋಡುವುದಿಲ್ಲ.

ಮೆಟ್ಟಿಲ ಹೆಡ್‌ರೂಮ್ ಸೇರಿ ಮನೆ 11 ಮೀಟರ್ ಎತ್ತರ, ಕ್ಯಾಮೆರಾ ನೆಲದಿಂದ 1.6 ಮೀಟರ್ ಎಂದುಕೊಳ್ಳಿ. ಅಂದರೆ ಕಣ್ಣಿನ ಮಟ್ಟದಿಂದ ಮೇಲೆ 9.4 ಮೀಟರ್, ಕೆಳಗೆ 1.6. ಬ್ಲೆಂಡರ್‌ನಲ್ಲಿ ಸೆನ್ಸರ್ ಅಗಲ 36 ಮಿ.ಮೀ.; 3600×2400 ಚಿತ್ರಕ್ಕೆ ಅದರ ಎತ್ತರ 24 ಮಿ.ಮೀ. ಆಗುತ್ತದೆ. 24 ಮಿ.ಮೀ. ಲೆನ್ಸ್ ಹಾಕಿದರೆ ಸೆನ್ಸರ್ ಮೇಲೆ ಮನೆ ಬೀಳುವುದು ಹೀಗೆ:

```
24 × 9.4 ÷ 14 = 16.1
24 × 1.6 ÷ 14 = 2.7
```

ಒಟ್ಟು 18.8 ಮಿ.ಮೀ. ಆಕಾಶಕ್ಕೂ ರಸ್ತೆಗೂ 5 ಮಿ.ಮೀ. ಉಳಿಯುತ್ತದೆ. 28 ಹಾಕಿದರೂ ಮನೆ ಹಿಡಿಸುತ್ತದೆ, ಆದರೆ ಪ್ಯಾರಾಪೆಟ್ ಚೌಕಟ್ಟಿಗೆ ಒತ್ತಿದಂತಾಗುತ್ತದೆ. 35ಕ್ಕಂತೂ ಜಾಗವೇ ಸಾಲದು. ಇಲ್ಲಿ 14 ಎಂಬುದು ಕ್ಯಾಮೆರಾ ನೋಡುವ ದಿಕ್ಕಿನಲ್ಲೇ ಅಳೆದ ದೂರ; ಮೂಲೆಯಿಂದ ಓರೆಯಾಗಿ ನೋಡುವಾಗ ಅತಿ ಹತ್ತಿರದ ಮೂಲೆಗೆ ಅಳೆಯಬೇಕು.

ಮನೆ ಹಿಡಿಸಿದರೂ ಅದು ಚೌಕಟ್ಟಿನ ನಡುವೆ ಇಲ್ಲ. ಕ್ಯಾಮೆರಾ ನೇರ ಮುಂದಕ್ಕೆ ನೋಡುತ್ತಿದ್ದರೆ ದಿಗಂತದ ಮೇಲೆ ಸಿಗುವುದು 12 ಮಿ.ಮೀ. ಮಾತ್ರ, ಅಂದರೆ 8.6 ಮೀಟರ್ ಎತ್ತರಕ್ಕೆ ಮನೆ ಕತ್ತರಿಸಿ ಹೋಗುತ್ತದೆ. ಆಗ ಕೈ ತಾನಾಗಿ ಕ್ಯಾಮೆರಾವನ್ನು ಮೇಲಕ್ಕೆ ಎತ್ತುತ್ತದೆ, ಕಂಬಗಳು ತುದಿಯಲ್ಲಿ ಒಂದಕ್ಕೊಂದು ವಾಲುತ್ತವೆ. ಸೆನ್ಸರ್ ಗೋಡೆಗೆ ಸಮಾನಾಂತರವಾಗಿ ಉಳಿಯದೇ ಇರುವುದೇ ಇದಕ್ಕೆ ಕಾರಣ. ಅದಕ್ಕೇ `Rotation X` 90, `Y` 0 ಎಂದು ಟೈಪ್ ಮಾಡಿಯೇ ಕೂರಿಸಿ, `Shift Y`ಗೆ 0.2 ಕೊಡುತ್ತೇನೆ. ಈ ಸಂಖ್ಯೆ ಸೆನ್ಸರಿನ 36 ಮಿ.ಮೀ.ಯ ಪಾಲು: 7.2 ಮಿ.ಮೀ. ಈಗ ದಿಗಂತದ ಮೇಲೆ 19.2, ಕೆಳಗೆ 4.8 ಮಿ.ಮೀ.

ಕಂಬ ಇನ್ನೂ ವಾಲಿದರೆ ಮೊದಲು `Track To` ಕನ್‌ಸ್ಟ್ರೇಂಟ್ ಇದೆಯೇ ನೋಡಿ. ಮನೆಯ ಮಧ್ಯಕ್ಕೆ ಗುರಿ ಕಟ್ಟಿದ್ದರೆ ನೀವು ಟೈಪ್ ಮಾಡಿದ 90 ಅಂಕಿಯಾಗಿ ಕಾಣುತ್ತದೆ, ಕ್ಯಾಮೆರಾ ಮಾತ್ರ ಮೇಲೆ ನೋಡುತ್ತಿರುತ್ತದೆ. ಕಣ್ಣಳತೆ ನಂಬಬೇಡಿ: ರೆಂಡರ್‌ನಲ್ಲಿ ಒಂದು ಕಂಬದ ಅಂಚಿನ ಅಡ್ಡ ಪಿಕ್ಸೆಲ್ ಸಂಖ್ಯೆಯನ್ನು ಬುಡದಲ್ಲೂ ತುದಿಯಲ್ಲೂ ಓದಿ, ಎರಡೂ ಒಂದೇ ಇರಬೇಕು. ಚಿತ್ರವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದಾಗ ನೋಟವೇ ಬದಲಾದರೆ `Sensor Fit` `Auto`ದಲ್ಲಿದೆ ಎಂದರ್ಥ. ಆಗ 36 ಮಿ.ಮೀ. ಎತ್ತರಕ್ಕೆ ಅನ್ವಯಿಸುತ್ತದೆ, ಶಿಫ್ಟ್ ಕೂಡ ಎತ್ತರದ ಪಾಲಾಗುತ್ತದೆ. `Horizontal` ಮಾಡಿದರೆ ಅಗಲದ ನೋಟ ಕದಲುವುದಿಲ್ಲ, ಶಿಫ್ಟ್ ಮಾತ್ರ ಹೊಸದಾಗಿ ಲೆಕ್ಕ ಹಾಕಬೇಕು.

ಶಿಫ್ಟ್‌ಗೂ ಒಂದು ಬೆಲೆ ಇದೆ. ಚೌಕಟ್ಟು ಮೇಲಕ್ಕೆ ಸರಿದಷ್ಟೂ ಮೇಲಿನ ಮೂಲೆಗಳು ಲೆನ್ಸಿನ ಅಕ್ಷದಿಂದ ದೂರವಾಗಿ ಎಳೆದಂತೆ ಕಾಣುತ್ತವೆ. ಇದು ಮೊದಲು ಗೊತ್ತಾಗುವುದು ಮಾಳಿಗೆಯ ಮೇಲಿನ ದುಂಡು ನೀರಿನ ಟ್ಯಾಂಕಿನಲ್ಲಿ. ಮೇಲಿನ ಮೂಲೆಯ ತುತ್ತತುದಿಯಲ್ಲಿ ದುಂಡನೆಯ ವಸ್ತು ಸುಮಾರು ಒಂದೂವರೆ ಪಟ್ಟು ಉದ್ದ, ಮೂಲೆಯತ್ತ ವಾಲಿದ ಮೊಟ್ಟೆಯಂತೆ. ಶಹಾಬಾದ್ ಫರಸಿಯ ಹೊದಿಕೆ ಮಾಡಿದ ಗೋಡೆಯಲ್ಲಿ ಇದು ಬೇಗ ಕಾಣುವುದಿಲ್ಲ. ಗೋಡೆ ಸೆನ್ಸರಿಗೆ ಸಮಾನಾಂತರವಾಗಿದ್ದರೆ ಅದರ ಕಲ್ಲುಗಳು ಅಳತೆ ಬಿಡುವುದೂ ಇಲ್ಲ. ನಾನು ಟ್ಯಾಂಕನ್ನು ಚೌಕಟ್ಟಿನ ನಡುಭಾಗದ ಹತ್ತಿರ ಬರುವಂತೆ ನಿಲ್ಲುವ ಜಾಗ ಸರಿಸುತ್ತೇನೆ. ಶಿಫ್ಟ್ 0.33 ದಾಟುವುದಿಲ್ಲ: ಕ್ಯಾನನ್‌ನ 24 ಮಿ.ಮೀ. ಟಿಲ್ಟ್-ಶಿಫ್ಟ್ ಲೆನ್ಸ್‌ನ ಈಗಿನ ಆವೃತ್ತಿಯೂ 12 ಮಿ.ಮೀ.ಗೆ ನಿಲ್ಲುತ್ತದೆ, ಅದಕ್ಕಿಂತ ಮುಂದಿನ ನೋಟಕ್ಕೆ ನಮ್ಮ ಕಣ್ಣು ಒಗ್ಗಿಲ್ಲ.

ಪೂರ್ತಿ ನೆಟ್ಟಗಿರುವ ಎತ್ತರದ ಮನೆ ಕೆಲವೊಮ್ಮೆ ಮೇಲೆ ಅಗಲವಾದಂತೆ ಅನಿಸುತ್ತದೆ. ಆಗ `Rotation X` 91 ಮಾಡಿ, ಶಿಫ್ಟ್ 0.188ಕ್ಕೆ ಇಳಿಸಿ, ದಿಗಂತ ಇದ್ದಲ್ಲೇ ಉಳಿಯುತ್ತದೆ, ಕಂಬಗಳು ಗೊತ್ತಾಗದಷ್ಟು ಒಳಬಾಗುತ್ತವೆ.

ಆ ದಿಗಂತ ಎಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. 24ರಲ್ಲಿ 4.8 ಅಂದರೆ ಕೆಳಗಿನಿಂದ ಐದನೇ ಒಂದು ಪಾಲು, 480 ಪಿಕ್ಸೆಲ್. ಫೋಟೋಶಾಪ್‌ನಲ್ಲಿ ಆಮೇಲೆ ಅಂಟಿಸುವ ಆಳೆತ್ತರದ ಮನುಷ್ಯರ ಕಣ್ಣು, ಗೇಟಿನ ಬಳಿ ನಿಂತವರಿರಲಿ, ರಸ್ತೆಯ ಕೊನೆಯಲ್ಲಿರಲಿ, ಸಮತಟ್ಟು ನೆಲದಲ್ಲಿ ಈ ಗೆರೆಯ ಮೇಲೇ ಬರಬೇಕು. ಚಿತ್ರದ ನಡುವೆ ದಿಗಂತ ಎಂದುಕೊಂಡು ಅಂಟಿಸಿದರೆ ದಾರಿಹೋಕರೆಲ್ಲ ಮೊದಲ ಮಹಡಿಯ ಬಾಲ್ಕನಿ ಮುಟ್ಟುತ್ತಾರೆ.