ಕೊನೆಯ ಸ್ಲೈಡ್‌ನಲ್ಲಿ ಏನನ್ನು ಕೇಳಬೇಕು?

ಇನ್‌ಸ್ಟಾಗ್ರಾಮ್‌ನಲ್ಲಿ ಹಲವು ಚಿತ್ರಗಳನ್ನು ಸಾಲಾಗಿ ಪೋಣಿಸಿ ಹಾಕುವ ಕ್ಯಾರೌಸೆಲ್ ಪೋಸ್ಟ್‌ಗಳ ಕೊನೆಯಲ್ಲಿ ಸೇವ್ ಮಾಡಿ, ಶೇರ್ ಮಾಡಿ, ಕಾಮೆಂಟ್ ಹಾಕಿ, ಫಾಲೋ ಮಾಡಿ ಎಂಬ ನಾಲ್ಕೂ ಕೋರಿಕೆಗಳು ಒಟ್ಟಿಗೇ ಕಾಣಿಸುವುದುಂಟು. ಅಲ್ಲಿಯವರೆಗೆ ಬೆರಳು ಸರಿಸುತ್ತ ಬಂದವರು ವಿಷಯದಲ್ಲಿ ನಿಜವಾದ ಆಸಕ್ತಿಯಿರುವವರು. ಅವರು ಒಂದು ಕೆಲಸವನ್ನಾದರೂ ಮಾಡಿಯಾರು, ನಾಲ್ಕನ್ನು ಮಾಡಲಾರರು. ಆದ್ದರಿಂದ ಕೋರಿಕೆ ಒಂದೇ ಇರಬೇಕು. ಅದು ಯಾವುದು ಎಂಬುದನ್ನು ಮೊದಲ ಸ್ಲೈಡ್ ಬರೆಯುವ ಮುನ್ನವೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಹೊಲಿಗೆ ಕಲಿಸುವ ಒಬ್ಬರು ‘ಯಂತ್ರದಲ್ಲಿ ದಾರ ಪದೇ ಪದೇ ಕಡಿಯುತ್ತಿದೆಯೇ?’ ಎಂಬ ಎಂಟು ಸ್ಲೈಡ್‌ಗಳ ಪೋಸ್ಟ್ ಸಿದ್ಧಪಡಿಸಿದ್ದಾರೆ ಎಂದುಕೊಳ್ಳಿ. ದಾರ ಪೋಣಿಸಿದ ಕ್ರಮ ತಪ್ಪಿರುವುದು, ಸೂಜಿ ತಿರುಗಾಮುರುಗಾ ಕೂತಿರುವುದು, ಸೂಜಿಯ ಮೊನೆ ಮೊಂಡಾಗಿರುವುದು, ಮೇಲಿನ ದಾರದ ಟೆನ್ಷನ್ ಅತಿಯಾಗಿರುವುದು ಮುಂತಾದ ಆರು ಕಾರಣಗಳು ಒಂದೊಂದು ಸ್ಲೈಡ್‌ನಲ್ಲಿವೆ. ಉಳಿದಿರುವುದು ಎಂಟನೆಯದು.

ಇಲ್ಲಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಓದುಗರಿಗೆ ಈ ಮಾಹಿತಿ ಯಾವಾಗ ಬೇಕಾಗುತ್ತದೆ ಎಂಬುದು. ಮಲಗುವ ಮುನ್ನ ಫೋನ್ ನೋಡುತ್ತಿರುವವರಿಗೆ ಆ ಕ್ಷಣದಲ್ಲಿ ದಾರ ಕಡಿದಿರುವುದಿಲ್ಲ. ಅದು ಕಡಿಯುವುದು ಇನ್ನೊಂದು ದಿನ, ಅರ್ಧ ಹೊಲಿದ ಬಟ್ಟೆ ಸೂಜಿಯ ಕೆಳಗಿದ್ದಾಗ. ಹೀಗೆ ಮುಂದೆಂದೋ ಬಳಕೆಗೆ ಬರುವ ಪಟ್ಟಿ, ಅಳತೆ, ಕ್ರಮಗಳಿಗೆ ಸೇವ್ ಸಹಜವಾದ ಕೋರಿಕೆ. ಆದರೆ ಬರಿದೇ ‘ಸೇವ್ ಮಾಡಿ’ ಎನ್ನುವುದಕ್ಕಿಂತ ‘ಮುಂದಿನ ಸಲ ದಾರ ಕಡಿದಾಗ ಹುಡುಕಾಡಬೇಡಿ, ಈಗಲೇ ಸೇವ್ ಮಾಡಿಟ್ಟುಕೊಳ್ಳಿ’ ಎಂದರೆ ಕಾರಣವೂ ಜೊತೆಗೇ ಹೋಗುತ್ತದೆ. ಆರೂ ಕಾರಣಗಳನ್ನು ಆ ಕೊನೆಯ ಸ್ಲೈಡ್‌ನಲ್ಲೇ ಒಂದೊಂದು ಸಾಲಿನಲ್ಲಿ ಮತ್ತೆ ಕೊಟ್ಟರೆ, ಉಳಿಸಿಕೊಳ್ಳಲು ಒಂದು ವಸ್ತುವೇ ಕೈಗೆ ಸಿಕ್ಕಂತಾಗುತ್ತದೆ.

ಗುರಿ ಹೊಸಬರನ್ನು ತಲುಪುವುದಾಗಿದ್ದರೆ ಲೆಕ್ಕ ಬೇರೆ. ಒಬ್ಬರು ಸೇವ್ ಮಾಡಿದ್ದು ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ಶೇರ್ ಮಾಡಿದ್ದು ನೇರವಾಗಿ ಮತ್ತೊಬ್ಬರ ಮುಂದೆ ಹೋಗಿ ನಿಲ್ಲುತ್ತದೆ. ಫಾಲೋ ಮಾಡದವರಿಗೆ ಪೋಸ್ಟ್ ತಲುಪುವುದರಲ್ಲಿ, ನೋಡಿದವರ ಪೈಕಿ ಎಷ್ಟು ಜನ ಅದನ್ನು ಮೆಸೇಜ್‌ನಲ್ಲಿ ಕಳಿಸಿದರು ಎಂಬುದು ಮುಖ್ಯ ಸೂಚಕವೆಂದು ಇನ್‌ಸ್ಟಾಗ್ರಾಮ್‌ನ ಮುಖ್ಯಸ್ಥ ಆಡಮ್ ಮೊಸ್ಸೆರಿ 2025ರ ಜನವರಿಯಲ್ಲಿ ಹೇಳಿದ್ದರು. ಶೇರ್ ಕೇಳುವಾಗ ಕಳಿಸಬೇಕಾದವರ ಮುಖ ಓದುಗರ ಮನಸ್ಸಿನಲ್ಲಿ ಮೂಡಬೇಕು. ‘ಹೊಸದಾಗಿ ಯಂತ್ರ ಕೊಂಡ ಗೆಳತಿಗೆ ಕಳಿಸಿ’ ಎಂಬುದು ಆ ಕೆಲಸ ಮಾಡುತ್ತದೆ; ‘ಎಲ್ಲರಿಗೂ ಶೇರ್ ಮಾಡಿ’ ಎಂಬುದು ಯಾರನ್ನೂ ನೆನಪಿಸುವುದಿಲ್ಲ.

ಕಾಮೆಂಟ್ ಕೇಳುವುದು ಓದುಗರಿಂದ ನಿಮಗೇ ಏನಾದರೂ ತಿಳಿಯಬೇಕಾದಾಗ. ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂಬ ಸಾಲು, ನನ್ನ ಮಟ್ಟಿಗೆ, ಖಾಲಿ ಬಿಟ್ಟ ಸ್ಲೈಡ್‌ಗೆ ಸಮ. ‘ನಿಮ್ಮಲ್ಲಿ ಕಡಿಯುವುದು ಮೇಲಿನ ದಾರವೋ, ಬಾಬಿನ್ ದಾರವೋ?’ ಎಂದು ಕೇಳಿದರೆ ಒಂದೇ ಪದದಲ್ಲಿ ಉತ್ತರಿಸಬಹುದು, ಮುಂದಿನ ಪೋಸ್ಟ್‌ಗೆ ವಿಷಯವೂ ಸಿಗುತ್ತದೆ. ಬಂದ ಉತ್ತರಗಳಿಗೆ ಮರುಮಾತಾಡಲು ಬಿಡುವಿಲ್ಲದ ವಾರದಲ್ಲಿ ಈ ಕೋರಿಕೆಯನ್ನು ಇಡದಿರುವುದೇ ಮೇಲು. ವಿಷಯಕ್ಕೆ ಸಂಬಂಧವಿಲ್ಲದೆ ‘ಒಪ್ಪುವವರು ಹೌದು ಎಂದು ಬರೆಯಿರಿ’ ಎನ್ನುವ ತಂತ್ರವಂತೂ ಬೇಡ. ಇಂಥ ಆಮಿಷದ ಪೋಸ್ಟ್‌ಗಳನ್ನು ಹಿಂದಕ್ಕೆ ತಳ್ಳುವುದಾಗಿ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಘೋಷಿಸಿತ್ತು.

ಫಾಲೋ ಕೇಳಲು ಮುಂದೆ ಬರಲಿರುವುದರ ಖಚಿತ ಭರವಸೆ ಬೇಕು: ‘ಬರುವ ವಾರ ಬಾಬಿನ್ ದಾರದ ತೊಂದರೆಗಳು, ಫಾಲೋ ಮಾಡಿದರೆ ತಪ್ಪಿಹೋಗದು.’ ನೋಡುತ್ತಿರುವವರಲ್ಲಿ ಬಹುಪಾಲು ಜನ ಈಗಾಗಲೇ ಫಾಲೋ ಮಾಡುತ್ತಿರುವವರೇ ಆಗಿದ್ದರೆ ಈ ಸಾಲು ವ್ಯರ್ಥ. ಹಳೆಯ ಪೋಸ್ಟ್‌ಗಳ ಇನ್‌ಸೈಟ್ಸ್ ತೆರೆದರೆ ಫಾಲೋ ಮಾಡುವವರ, ಮಾಡದವರ ಪಾಲು ಎಷ್ಟೆಷ್ಟು ಎಂಬುದು ಗೊತ್ತಾಗುತ್ತದೆ.

ಫಲಿತಾಂಶವನ್ನು ಅಳೆಯುವಾಗ ಬರೀ ಎಣಿಕೆಯನ್ನು ನಂಬಬಾರದು. ಹಿಂದಿನ ಪೋಸ್ಟ್ 4,000 ಜನರನ್ನು ತಲುಪಿ 60 ಸೇವ್ ಪಡೆದಿತ್ತು, ಈ ಪೋಸ್ಟ್ 1,500 ಜನರನ್ನು ತಲುಪಿ 45 ಪಡೆಯಿತು ಎಂದುಕೊಂಡರೆ, ಎಣಿಕೆ ಇಳಿದಂತೆ ಕಂಡರೂ ಪ್ರಮಾಣ ಶೇ 1.5ರಿಂದ ಶೇ 3ಕ್ಕೆ ಏರಿದೆ. ಹೋಲಿಕೆ ಒಂದೇ ಬಗೆಯ ಪೋಸ್ಟ್‌ಗಳ ನಡುವೆ, ಹಾಕಿದ ಅಷ್ಟೇ ದಿನಗಳ ನಂತರ ನಡೆಯಬೇಕು; ಒಂದೆರಡು ಪೋಸ್ಟ್‌ಗಳ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದ್ದರಿಂದ, ನಾಲ್ಕೈದರಲ್ಲಿ ಅದೇ ಬದಲಾವಣೆ ಕಂಡ ಮೇಲೆ ಕೋರಿಕೆಯ ಗುಣವೆಂದು ಒಪ್ಪಬಹುದು.

ನಮ್ಮ ಹೊಲಿಗೆ ಶಿಕ್ಷಕಿಗೆ ಬೇಕಿದ್ದುದು ತರಗತಿಗೆ ಹೊಸ ವಿದ್ಯಾರ್ಥಿಗಳು ಎಂದಾದರೆ, ಸೇವ್ ಎಷ್ಟೇ ಏರಿದರೂ ಗುರಿ ಮುಟ್ಟಿದಂತಾಗಲಿಲ್ಲ. ಆಗ ಅದೇ ಏಳು ಸ್ಲೈಡ್‌ಗಳನ್ನು ಹಾಗೆಯೇ ಇಟ್ಟು, ಎಂಟನೆಯದರಲ್ಲಿ ‘ಹೊಸದಾಗಿ ಯಂತ್ರ ಕೊಂಡ ಗೆಳತಿಗೆ ಕಳಿಸಿ’ ಎಂದು ಬರೆದು, ತರಗತಿಯ ವಿವರವನ್ನು ಪ್ರೊಫೈಲ್‌ನಲ್ಲಿ ಇಡಬೇಕು.